ಸಿಬ್ಬಂದಿಯ ಮೌಲ್ಯಮಾಪನ ಫಾರಂಗಳಿಂದ ತಂಡದ ಸಾರಾಂಶ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಸಹಕಾರಿ ಬ್ಯಾಂಕುಗಳಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುವವರು ಮಾರ್ಚ್ ಮುಗಿಯುತ್ತಿದ್ದಂತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ವಿಭಾಗ ಮುಖ್ಯಸ್ಥರು ತುಂಬಿಕೊಟ್ಟ ವಾರ್ಷಿಕ ಮೌಲ್ಯಮಾಪನ ಫಾರಂಗಳನ್ನು ಓದಿ, ತಂಡದ ಬಲ ಯಾವುದು, ಕೊರತೆ ಎಲ್ಲಿದೆ, ಯಾವ ತರಬೇತಿ ಬೇಕು ಎಂದು ಎರಡು ಪುಟದಲ್ಲಿ ಆಡಳಿತ ಮಂಡಳಿಗೆ ಹೇಳಬೇಕು. ಆದರೆ ಯಾರ ಬಗ್ಗೆ ಯಾರು ಏನು ಬರೆದರು ಎಂಬುದು ಹೊರಗೆ ಬರಬಾರದು. ನಮ್ಮಂಥ ಚಿಕ್ಕ ಸಂಸ್ಥೆಗಳಲ್ಲಿ ಈ ಎರಡನೆಯ ಭಾಗವೇ ಕಷ್ಟ. ಉತ್ತರಗಳಲ್ಲಿ ಬರುವ ಬ್ಯಾಂಕ್, ಅದರ ಲೆಕ್ಕ, ಅಲ್ಲಿನ ಷರಾಗಳು ಎಲ್ಲವೂ ಉದಾಹರಣೆಗಾಗಿ ಹೆಣೆದವು.

ಹೆಸರು ತೆಗೆದುಬಿಟ್ಟರೆ ಸಾಲದೇ?

ಸಾಲದು. ಇಪ್ಪತ್ತೈದು ಮೂವತ್ತು ಮಂದಿ ಇರುವ ಕಡೆ ಹೆಸರಿಗಿಂತ ವಿವರವೇ ಬೇಗ ಗುರುತು ಹೇಳುತ್ತದೆ. ಒಂದು ಫಾರಂನಲ್ಲಿ ಹೀಗೆ ಬರೆದಿದೆ ಎಂದುಕೊಳ್ಳೋಣ: “ಪೆರ್ಲ ಕಡೆಯ ಅಡಿಕೆ ಬೆಳೆಗಾರರು ಸಿಟ್ಟಿನಿಂದ ಬಂದರೂ ತುಳುವಿನಲ್ಲೇ ಮಾತನಾಡಿ ಸಮಾಧಾನ ಮಾಡುತ್ತಾರೆ. ಆದರೆ ಸಂಜೆ ದಿನದ ಲೆಕ್ಕ ಮುಗಿಸಲು ಪ್ರತಿ ಸಲವೂ ಇನ್ನೊಬ್ಬರನ್ನು ಕರೆಯುತ್ತಾರೆ.” ಇದರಲ್ಲಿ ಹೆಸರಿಲ್ಲ. ಆದರೂ ಬ್ಯಾಂಕಿನಲ್ಲಿ ಒಂದು ವಾರ ಓಡಾಡಿದ ಯಾರೇ ಆದರೂ ಆ ವ್ಯಕ್ತಿಯ ಮೇಜು ತೋರಿಸಬಲ್ಲರು. ನಮ್ಮ ಆಡಳಿತ ಮಂಡಳಿಯ ಸದಸ್ಯರಾದರೋ ಅದೇ ಊರಿನಿಂದ ಆಯ್ಕೆಯಾದವರು. ಕೌಂಟರಿನಲ್ಲಿ ಕೂತವರು ಅವರಿಗೆ ನೆರೆಯವರು, ನೆಂಟರು, ಮಕ್ಕಳ ಸಹಪಾಠಿಗಳು. ದೊಡ್ಡ ಊರಿನ ಕಂಪನಿಗಳಿಗಾಗಿ ಬರೆದ ‘ಹೆಸರು ಅಳಿಸಿ ಕಳುಹಿಸಿ’ ಎಂಬ ನಿಯಮ ಇಲ್ಲಿ ನಿಲ್ಲುವುದಿಲ್ಲ.

ಮೇಲಿನ ಷರಾದಿಂದ ಸಾರಾಂಶಕ್ಕೆ ಹೋಗಬೇಕಾದದ್ದು ಎರಡೇ ಎರಡು ಸಂಗತಿ. ‘ಗ್ರಾಹಕರ ಭಾಷೆಯಲ್ಲಿ ವ್ಯವಹರಿಸುತ್ತಾರೆ’ ಎಂಬ ಬಲ ಒಂದು, ‘ದಿನದ ಲೆಕ್ಕ ಮುಗಿಸಲು ನೆರವು ಬೇಕಾಗುತ್ತದೆ’ ಎಂಬ ಕೊರತೆ ಇನ್ನೊಂದು. ಪೆರ್ಲ, ಅಡಿಕೆ, ತುಳು, ಸಿಟ್ಟು ಇವೆಲ್ಲ ಫಾರಂನಲ್ಲೇ ಉಳಿಯಬೇಕು. ಆ ಎರಡು ಸಂಗತಿಗಳೂ ಇನ್ನಷ್ಟು ಮಂದಿಯ ಫಾರಂಗಳಲ್ಲಿ ಕಂಡುಬಂದರೆ ಮಾತ್ರ ಅವುಗಳಿಗೆ ಸಾರಾಂಶದಲ್ಲಿ ಜಾಗ.

ಓದಲು ಶುರು ಮಾಡುವುದು ಹೇಗೆ?

ಮೊದಲು ಫಾರಂಗಳಿಂದ ಹೆಸರಿನ ಪುಟವನ್ನು ಬೇರೆ ಮಾಡಿ, ಪ್ರತಿ ಫಾರಂಗೂ ಒಂದು ಸಂಖ್ಯೆ ಕೊಡಿ. ಹಾಜರಿ ಪುಸ್ತಕದ ಕ್ರಮದಲ್ಲಿ ಸಂಖ್ಯೆ ಕೊಟ್ಟರೆ ಅದು ಹೆಸರು ಬರೆದಂತೆಯೇ. ಹಾಗಾಗಿ ಫಾರಂಗಳನ್ನು ಕಲಸಿಟ್ಟು ಆಮೇಲೆ ಸಂಖ್ಯೆ ಹಾಕಿ. ಸಂಖ್ಯೆಗೂ ಹೆಸರಿಗೂ ಹೊಂದಿಸುವ ಹಾಳೆ ಕಾರ್ಯದರ್ಶಿಯ ಬೀರುವಿನಲ್ಲಿರಲಿ.

ಆಮೇಲೆ ಎಲ್ಲ ಫಾರಂಗಳನ್ನೂ ಒಂದು ಸಲ ಸುಮ್ಮನೆ ಓದಿ. ಶೀರ್ಷಿಕೆಗಳನ್ನು ಮೊದಲೇ ಮಾಡಿಕೊಂಡು ಕೂತರೆ, ಬರೆದವರು ಹೇಳಿದ್ದನ್ನು ನಮ್ಮ ಶೀರ್ಷಿಕೆಗೆ ಒತ್ತಿ ತುಂಬಿಸುವ ಅಪಾಯವಿದೆ. ಎರಡನೆಯ ಓದಿನಲ್ಲಿ ಪ್ರತಿ ಷರಾವನ್ನೂ ಒಂದೊಂದು ಹೇಳಿಕೆಯಾಗಿ ಬಿಡಿಸಿ. ಹತ್ತು ಹದಿನೈದು ಫಾರಂ ದಾಟುವಷ್ಟರಲ್ಲಿ ಒಂದೇ ಬಗೆಯ ಹೇಳಿಕೆಗಳು ಮರಳಿ ಮರಳಿ ಬರತೊಡಗುತ್ತವೆ, ಶೀರ್ಷಿಕೆಗಳು ತಾವಾಗಿಯೇ ಮೂಡುತ್ತವೆ. ಎಂಟರಿಂದ ಹನ್ನೆರಡು ಶೀರ್ಷಿಕೆಗಳು ಸಾಕು. ಇಪ್ಪತ್ತಕ್ಕೆ ಹೋದರೆ ಒಂದೊಂದರಲ್ಲಿ ಇಬ್ಬರು ಮೂವರೇ ಉಳಿದು, ಕೊನೆಗೆ ಒಂದನ್ನೂ ಹೇಳಲಾಗುವುದಿಲ್ಲ.

ಶೀರ್ಷಿಕೆ ಕೆಲಸದ ಹೆಸರಾಗಿರಲಿ, ಗುಣದ ಹೆಸರಾಗುವುದು ಬೇಡ. ‘ಉದಾಸೀನ’ ಎನ್ನುವುದು ಶೀರ್ಷಿಕೆಯಲ್ಲ. ‘ಸಾಲದ ಕಡತ ಮೊದಲ ಸಲವೇ ಪೂರ್ಣವಾಗಿರುವುದಿಲ್ಲ’ ಎನ್ನುವುದು ಶೀರ್ಷಿಕೆ. ಉದಾಸೀನಕ್ಕೆ ಯಾವ ತರಬೇತಿಯನ್ನು ಹೇಳುವುದು? ಕಡತಕ್ಕಾದರೆ ಹೇಳಬಹುದು.

ಲೆಕ್ಕ ಮಾಡುವಾಗ ಎಣಿಸಬೇಕಾದದ್ದು ಹೇಳಿಕೆಗಳನ್ನೋ ಜನರನ್ನೋ?

ಜನರನ್ನು. ಕೆಲವು ಮುಖ್ಯಸ್ಥರು ಒಂದೇ ಮಾತನ್ನು ಒಂದೇ ಫಾರಂನಲ್ಲಿ ಮೂರು ಕಡೆ ಬರೆಯುತ್ತಾರೆ, ಇನ್ನು ಕೆಲವರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಹೇಳಿಕೆಗಳನ್ನು ಎಣಿಸಿದರೆ ಉದ್ದಕ್ಕೆ ಬರೆಯುವವರ ಅಭಿಪ್ರಾಯಕ್ಕೆ ತೂಕ ಹೆಚ್ಚುತ್ತದೆ.

ಎಕ್ಸೆಲ್‌ನಲ್ಲಿ ಒಂದು ಹೇಳಿಕೆಗೆ ಒಂದು ಸಾಲು ಇಡಿ. ಮೊದಲ ಕಾಲಮ್ ಫಾರಂ ಸಂಖ್ಯೆ, ಎರಡನೆಯದು ವಿಭಾಗ, ಮೂರನೆಯದು ಶೀರ್ಷಿಕೆಯ ಸಂಕೇತ, ನಾಲ್ಕನೆಯದು ಬಲವಾದರೆ ಕೂಡಿಸುವ ಚಿಹ್ನೆ, ಕೊರತೆಯಾದರೆ ಕಳೆಯುವ ಚಿಹ್ನೆ. ಷರಾದ ಮೂಲ ಮಾತನ್ನು ಈ ಹಾಳೆಗೆ ನಕಲು ಮಾಡಲೇಬೇಡಿ. ನಂತರ ನಾಲ್ಕೂ ಕಾಲಮ್‌ಗಳನ್ನು ಆರಿಸಿ `Remove Duplicates` ಒತ್ತಿದರೆ, ಒಬ್ಬರ ಫಾರಂನಲ್ಲಿ ಎಷ್ಟು ಸಲ ಬಂದಿದ್ದರೂ ಒಂದೇ ಸಾಲು ಉಳಿಯುತ್ತದೆ. ಸಂಕೇತ K3 ಎಂಬ ಕೊರತೆ ಎಷ್ಟು ಮಂದಿಯಲ್ಲಿದೆ ಎಂದು ನೋಡಲು:

```
=COUNTIFS(C:C,"K3",D:D,"-")
```

ಎಷ್ಟು ಮಂದಿಯಲ್ಲಿ ಕಂಡರೆ ‘ತಂಡದ ಕೊರತೆ’ ಎನ್ನಬಹುದು?

ನಾನು ಎರಡು ಷರತ್ತು ಇಡುತ್ತೇನೆ. ಕನಿಷ್ಠ ಐದು ಮಂದಿಯ ಫಾರಂಗಳಲ್ಲಿ ಅದು ಬಂದಿರಬೇಕು. ಮತ್ತು ಆ ಫಾರಂಗಳನ್ನು ಕನಿಷ್ಠ ಇಬ್ಬರು ಬೇರೆ ಬೇರೆ ಮುಖ್ಯಸ್ಥರು ಬರೆದಿರಬೇಕು.

ಮೊದಲ ಷರತ್ತು ಎಲ್ಲರಿಗೂ ಗೊತ್ತಿರುವಂಥದ್ದೇ. ಸಣ್ಣ ಗುಂಪುಗಳ ಲೆಕ್ಕವನ್ನು ಬಿಡಿಸಿ ತೋರಿಸಬಾರದು ಎಂಬುದು ಸಮೀಕ್ಷೆ ನಡೆಸುವವರ ಹಳೆಯ ಪದ್ಧತಿ. ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಒಂದು ವಿಭಾಗದ ಎಲ್ಲ ಫಾರಂಗಳನ್ನೂ ತುಂಬುವವರು ಒಬ್ಬರೇ. ಅವರು ಸಮಯಪಾಲನೆಯಲ್ಲಿ ಕಟ್ಟುನಿಟ್ಟಾದರೆ ಆ ವಿಭಾಗದ ಎಂಟೂ ಫಾರಂಗಳಲ್ಲಿ ಸಮಯದ ಮಾತು ಬರುತ್ತದೆ. ಎಂಟು ಎಂಬ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಆದರೆ ಅದು ಒಬ್ಬರ ಅಭಿಪ್ರಾಯ. ಅದನ್ನು ತಂಡದ ಕೊರತೆ ಎಂದು ಬರೆದರೆ ತಪ್ಪು ಎರಡಾಗುತ್ತದೆ. ಇಲ್ಲದ ಕೊರತೆಗೆ ಹಣ ಖರ್ಚಾಗುತ್ತದೆ, ಬರೆದ ಮುಖ್ಯಸ್ಥರು ಯಾರೆಂದೂ ಎಲ್ಲರಿಗೂ ತಿಳಿಯುತ್ತದೆ. ಷರಾ ಬರೆದವರ ಗುಟ್ಟನ್ನೂ ಕಾಯಬೇಕು. ಈ ವರ್ಷ ಅದು ಬಯಲಾದರೆ ಮುಂದಿನ ವರ್ಷ ಎಲ್ಲ ಫಾರಂಗಳಲ್ಲೂ ‘ತೃಪ್ತಿಕರ’ ಎಂಬ ಒಂದೇ ಪದ ಬರುತ್ತದೆ, ಓದಲು ಏನೂ ಉಳಿಯುವುದಿಲ್ಲ.

ಒಂದು ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ತೋರಿಸುತ್ತೀರಾ?

ಒಟ್ಟು 26 ಫಾರಂಗಳು. ಮುಖ್ಯ ಕಚೇರಿಯ ಕೌಂಟರಿನಲ್ಲಿ 8, ಸಾಲ ವಿಭಾಗದಲ್ಲಿ 6, ಒಂದು ಶಾಖೆಯಲ್ಲಿ 5, ಇನ್ನೊಂದರಲ್ಲಿ 4, ಗೊಬ್ಬರದ ಮಳಿಗೆಯಲ್ಲಿ 3. ಬರೆದವರು ಐವರು ಮುಖ್ಯಸ್ಥರು. ಆ ಐವರ ಬಗ್ಗೆ ಕಾರ್ಯದರ್ಶಿ ಬರೆದ ಫಾರಂಗಳನ್ನು ಇದರೊಂದಿಗೆ ಸೇರಿಸಿಲ್ಲ. ಬರೆದವರು ಒಬ್ಬರೇ ಆದ್ದರಿಂದ ಅವುಗಳಿಗೆ ಸಾರಾಂಶ ಎಂಬುದೇ ಇಲ್ಲ.

‘ಸಾಲದ ಕಡತ ಮೊದಲ ಸಲವೇ ಪೂರ್ಣವಾಗಿರುವುದಿಲ್ಲ’ ಎಂಬ ಕೊರತೆಯನ್ನು ನೋಡೋಣ. 19 ಹೇಳಿಕೆಗಳು ಸಿಕ್ಕವು. ಒಬ್ಬರಿಗೆ ಒಂದೇ ಎಂದು ಎಣಿಸಿದಾಗ 11 ಮಂದಿಯಾದರು: ಸಾಲ ವಿಭಾಗದ ಆರಕ್ಕೆ ಆರೂ ಮಂದಿ, ಮೊದಲ ಶಾಖೆಯ ಐವರಲ್ಲಿ ಮೂವರು, ಎರಡನೆಯ ಶಾಖೆಯ ನಾಲ್ವರಲ್ಲಿ ಇಬ್ಬರು. ಬರೆದ ಮುಖ್ಯಸ್ಥರು ಮೂವರು. ಎರಡೂ ಷರತ್ತು ದಾಟಿತು.

ಹಾಗೆಂದು ಈ ಬಿಡಿ ಲೆಕ್ಕವನ್ನು ಬರೆಯುವಂತಿಲ್ಲ. ಶಾಖೆಗಳ ಮೂರು, ಎರಡು ಎಂಬವು ಐದಕ್ಕಿಂತ ಕಡಿಮೆ ಎಂದು ತಟ್ಟನೆ ಕಾಣುತ್ತದೆ. ಸಾಲ ವಿಭಾಗದ ಆರು? ಅದು ಐದಕ್ಕಿಂತ ಹೆಚ್ಚೇ. ಆದರೂ ಅದು ಎಲ್ಲಕ್ಕಿಂತ ಅಪಾಯದ್ದು. ಆರರಲ್ಲಿ ಆರು ಎಂದರೆ ಆ ವಿಭಾಗದ ಪ್ರತಿಯೊಬ್ಬರ ಫಾರಂನಲ್ಲೂ ಏನು ಬರೆದಿದೆ ಎಂದು ಹೇಳಿದಂತಾಯಿತು. ಕೆಳಗಿನ ಮಿತಿ ಇರುವಂತೆ ಮೇಲಿನ ಮಿತಿಯೂ ಬೇಕು. ‘ಎಲ್ಲರೂ’, ‘ಒಬ್ಬರನ್ನು ಬಿಟ್ಟು ಎಲ್ಲರೂ’ ಎಂಬ ಎರಡು ಮಾತುಗಳು ಯಾವ ವಿಭಾಗದ ಬಗ್ಗೆಯೂ ಸಾರಾಂಶದಲ್ಲಿ ಬರಬಾರದು.

ಆದ್ದರಿಂದ ವಿಭಾಗದ ಗೆರೆ ಅಳಿಸಿ ಕೆಲಸದ ಗೆರೆ ಎಳೆದೆವು. ಸಾಲದ ಕೆಲಸ ಸಾಲ ವಿಭಾಗದಲ್ಲೂ ನಡೆಯುತ್ತದೆ, ಎರಡು ಶಾಖೆಗಳಲ್ಲೂ ನಡೆಯುತ್ತದೆ. ಮೂರನ್ನೂ ಸೇರಿಸಿದರೆ 15 ಮಂದಿ, ಅವರಲ್ಲಿ 11. ಸಾರಾಂಶದ ವಾಕ್ಯ ಹೀಗೆ ನಿಂತಿತು: “ಸಾಲದ ಕಡತ ತಯಾರಿಸುವವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ, ಬೇಕಾದ ದಾಖಲೆಗಳನ್ನೆಲ್ಲ ಮೊದಲ ಸಲವೇ ಜೋಡಿಸಿ ಕೊಡುವ ವಿಷಯದಲ್ಲಿ ಅಭ್ಯಾಸ ಬೇಕಾಗಿದೆ.” ಮಂಡಳಿ ತೀರ್ಮಾನ ತೆಗೆದುಕೊಳ್ಳಲು ಇಷ್ಟು ಸಾಕು. 11 ಎಂಬ ಸಂಖ್ಯೆ ಅದಕ್ಕೆ ಹೆಚ್ಚೇನೂ ಸೇರಿಸುವುದಿಲ್ಲ.

ಕೊರತೆ ಗೊತ್ತಾದರೆ ತರಬೇತಿಯೂ ಗೊತ್ತಾದಂತೆ ಅಲ್ಲವೇ?

ಅಲ್ಲ. ಎರಡರ ನಡುವೆ ‘ಯಾಕೆ’ ಎಂಬ ಪ್ರಶ್ನೆ ಇದೆ. ಅದನ್ನು ಹಾರಿಸಿಬಿಟ್ಟ ಸಾರಾಂಶಗಳನ್ನು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ, ಏಕೆಂದರೆ ಅದರ ಬೆಲೆ ತೆರುವವರು ತರಗತಿಯಲ್ಲಿ ಇಡೀ ದಿನ ಸುಮ್ಮನೆ ಕೂರುವ ಸಿಬ್ಬಂದಿ.

ಅದೇ 26 ಫಾರಂಗಳಲ್ಲಿ ‘ದಿನದ ಲೆಕ್ಕ ಸಮಯಕ್ಕೆ ಮುಗಿಯುವುದಿಲ್ಲ’ ಎಂಬುದು 9 ಮಂದಿಯಲ್ಲಿತ್ತು. ಕೌಂಟರಿನಲ್ಲಿ ನಾಲ್ವರು, ಒಂದು ಶಾಖೆಯಲ್ಲಿ ಮೂವರು, ಇನ್ನೊಂದರಲ್ಲಿ ಒಬ್ಬರು, ಮಳಿಗೆಯಲ್ಲಿ ಒಬ್ಬರು. ಯಾವ ವಿಭಾಗದ ಸಂಖ್ಯೆಯೂ ಐದು ಮುಟ್ಟದ ಕಾರಣ ವಿಭಾಗವಾರು ಹೇಳುವ ಪ್ರಶ್ನೆಯೇ ಇಲ್ಲ. ‘ಸುಮಾರು ಮೂರನೆಯ ಒಂದು ಭಾಗ ಸಿಬ್ಬಂದಿಯಲ್ಲಿ’ ಎಂದಷ್ಟೇ ಬರೆಯಬಹುದು. ಮೇಲುನೋಟಕ್ಕೆ ಇದು ಕಂಪ್ಯೂಟರ್ ತರಬೇತಿ ಬೇಡುವ ಕೊರತೆ. ಆದರೆ ಕಾರಣಕ್ಕಾಗಿ ಅದೇ ಫಾರಂಗಳನ್ನು ಮತ್ತೆ ಓದಿದಾಗ ಆರರಲ್ಲಿ ಒಂದೇ ಮಾತು ಬೇರೆ ಬೇರೆ ರೀತಿಯಲ್ಲಿ ಬಂದಿತ್ತು: ದಿನಠೇವಣಿಯ ಸಂಗ್ರಹದ ಹಣ ಎಣಿಕೆಗೆ ಬರುವ ಹೊತ್ತಿಗೆ ಕೌಂಟರ್ ಮುಚ್ಚುವ ಸಮಯ ಆಗಿರುತ್ತದೆ. ಹಣ ಬಾರದೆ ಲೆಕ್ಕ ಮುಗಿಯದು. ಅದಕ್ಕೆ ಯಾವ ತರಬೇತಿಯೂ ಮದ್ದಲ್ಲ. ಸಂಗ್ರಹದ ಹಣ ಒಪ್ಪಿಸುವ ಸಮಯವನ್ನು ಬದಲಿಸಬೇಕು, ಇಲ್ಲವೇ ಅದನ್ನು ಮರುದಿನದ ಬೆಳಗಿನ ಲೆಕ್ಕಕ್ಕೆ ತೆಗೆದುಕೊಳ್ಳುವ ಬಗ್ಗೆ ಲೆಕ್ಕಪರಿಶೋಧಕರನ್ನು ಕೇಳಬೇಕು. ಸಾರಾಂಶದಲ್ಲಿ ಇದನ್ನು ‘ತರಬೇತಿ ಅಗತ್ಯ’ದ ಕೆಳಗೆ ಬರೆಯದೆ ‘ಕೆಲಸದ ವ್ಯವಸ್ಥೆಯಲ್ಲಿ ಆಗಬೇಕಾದ ಬದಲಾವಣೆ’ ಎಂಬ ಬೇರೆ ತಲೆಬರಹದ ಕೆಳಗೆ ಬರೆಯಬೇಕು.

ಸಾಲದ ಕಡತದ ಕಥೆ ಬೇರೆ. ಅಲ್ಲಿ 11ರಲ್ಲಿ ಏಳು ಫಾರಂಗಳು ತೀರ್ವೆ ರಶೀದಿ, ಸ್ವಾಧೀನ ಪತ್ರ, ಋಣಭಾರ ಪ್ರಮಾಣಪತ್ರ ಇವುಗಳಲ್ಲಿ ಒಂದಲ್ಲ ಒಂದು ಬಿಟ್ಟುಹೋಗುತ್ತದೆ ಎಂದು ಹೇಳುತ್ತಿದ್ದವು. ಇದು ಕಲಿಸಿದರೆ ಸರಿಹೋಗುವಂಥದ್ದು. ಮುಗಿದುಹೋದ ಹಳೆಯ ಕಡತಗಳನ್ನು ಸಾಲಗಾರರ ಹೆಸರು ಮುಚ್ಚಿ ಮುಂದಿಟ್ಟು, ಏನು ಕೊರತೆಯಾಗಿದೆ ಎಂದು ಅವರೇ ಹುಡುಕುವಂತೆ ಮಾಡುವ ಅರ್ಧ ದಿನದ ಅಭ್ಯಾಸ ಸಾಕು. ಅದಕ್ಕಾಗಿ ಹೊರಗಿನಿಂದ ಯಾರನ್ನೂ ಕರೆಸಬೇಕಿಲ್ಲ.

ಒಬ್ಬಿಬ್ಬರಿಗೆ ಮಾತ್ರ ಬೇಕಾದ, ಆದರೆ ಬಿಡಲಾಗದ ತರಬೇತಿಯನ್ನು ಏನು ಮಾಡುವುದು?

ಕಾಸರಗೋಡಿನಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ. ಸಾಲದ ಕಡತದ ಅದೇ 11 ಫಾರಂಗಳಲ್ಲಿ ಎರಡು ಮಾತ್ರ ಬೇರೆ ಕಾರಣ ಹೇಳುತ್ತಿದ್ದವು: ಹಳೆಯ ಕನ್ನಡ ದಸ್ತಾವೇಜುಗಳನ್ನು ಓದಲು ಬಾರದು.

ಹೊರಗಿನವರಿಗಾಗಿ ಒಂದು ಮಾತು. 1956ರ ನವೆಂಬರ್ 1ರವರೆಗೆ ಈ ಪ್ರದೇಶ ದಕ್ಷಿಣ ಕನ್ನಡ ಜಿಲ್ಲೆಯದಾಗಿತ್ತು. ಆ ಕಾಲದ ಜಮೀನಿನ ಕಾಗದಗಳು ಬಹುಮಟ್ಟಿಗೆ ಕನ್ನಡದಲ್ಲಿವೆ. ಮೂಲಗೇಣಿ, ಚಾಲಗೇಣಿ, ವರ್ಗ, ಕುಮ್ಕಿ ಎಂಬ ಗೇಣಿ ಮತ್ತು ಭೂಹಕ್ಕಿನ ಮಾತುಗಳು ಅದರಲ್ಲಿ ಬರುತ್ತವೆ, ಕೈಬರಹವೂ ಹಳೆಯ ಕಾಲದ್ದು. ತೆಂಕಣ ಜಿಲ್ಲೆಗಳಿಂದ ನೇಮಕವಾಗಿ ಬಂದವರಿಗೆ ಮಲಯಾಳ ಮಾತ್ರ ಗೊತ್ತಿರುತ್ತದೆ. ಮೂಲ ದಸ್ತಾವೇಜು ಓದದೆ ಕಡತ ಮುಂದೆ ಹೋದರೆ ಜಮೀನಿನ ಹಕ್ಕಿನ ಸರಣಿಯಲ್ಲಿ ಒಂದು ಕೊಂಡಿ ತಪ್ಪಿದರೂ ಯಾರಿಗೂ ಗೊತ್ತಾಗುವುದಿಲ್ಲ. ಅಡವಿನ ಮೇಲೆ ಸಾಲ ಕೊಡುವ ಬ್ಯಾಂಕಿಗೆ ಅದು ಸಣ್ಣ ವಿಷಯವಲ್ಲ.

ಎರಡು ಎಂಬುದು ಐದಕ್ಕಿಂತ ಕಡಿಮೆ. ನಿಯಮದ ಪ್ರಕಾರ ಬಿಟ್ಟುಬಿಡಬೇಕು. ‘ಕೆಲವರಿಗೆ ಕನ್ನಡ ಓದಲು ಬರುವುದಿಲ್ಲ’ ಎಂದು ಬರೆದರೆ ಆ ಕೆಲವರು ಯಾರು ಎಂದು ಇಡೀ ಬ್ಯಾಂಕಿಗೆ ಗೊತ್ತು. ಇತ್ತ ಬಿಟ್ಟರೆ ನಿಜವಾದ ಅಗತ್ಯ ಮುಚ್ಚಿಹೋಗುತ್ತದೆ. ದಾರಿ ಇದು: ಆ ಅಗತ್ಯವನ್ನು ವ್ಯಕ್ತಿಯಿಂದ ಬಿಡಿಸಿ ಕೆಲಸಕ್ಕೆ ಕಟ್ಟಿ. “ಜಮೀನಿನ ಅಡವಿನ ಸಾಲ ನೋಡುವ ಎಲ್ಲರಿಗೂ 1956ಕ್ಕೆ ಹಿಂದಿನ ದಸ್ತಾವೇಜುಗಳ ಮಾತು ಮತ್ತು ಬರಹದ ಪರಿಚಯ ಬೇಕು.” ಇದು ಫಾರಂಗಳಿಂದ ಎತ್ತಿದ ದೂರಲ್ಲ, ಆ ಹುದ್ದೆಗೆ ಬೇಕಾದ ಜ್ಞಾನದ ವಿವರಣೆ. ಮಾತೂ ನಿಜವೇ. ಇಲ್ಲೇ ಹುಟ್ಟಿ ಬೆಳೆದು ಕನ್ನಡ ಓದಬಲ್ಲ ತರುಣರಿಗೂ ಚಾಲಗೇಣಿಗೂ ಮೂಲಗೇಣಿಗೂ ಇರುವ ವ್ಯತ್ಯಾಸ ಗೊತ್ತಿರುವುದು ಕಡಿಮೆ. ನಿವೃತ್ತ ದಸ್ತಾವೇಜು ಬರಹಗಾರರೊಬ್ಬರನ್ನು ಕರೆದು, ಬ್ಯಾಂಕಿನಲ್ಲೇ ಇರುವ ಹಳೆಯ ಕಾಗದಗಳ ನಕಲು ಇಟ್ಟು ಎರಡು ಮಧ್ಯಾಹ್ನ ಪಾಠ ಮಾಡಿಸಬಹುದು. ಲಿಪಿಯೇ ಬಾರದವರಿಗೆ ಅದಕ್ಕೂ ಮೊದಲು ಅಕ್ಷರ ಕಲಿಯುವ ಏರ್ಪಾಡು ಬೇಕು. ಅದನ್ನು ಅವರವರ ಮುಖ್ಯಸ್ಥರು ಖಾಸಗಿಯಾಗಿ ಕೂತು ಮಾತನಾಡಿ ಮಾಡಲಿ.

ಒಂದು ಸಣ್ಣ ವಿಭಾಗವನ್ನು ಮರೆಮಾಡಿದರೆ ಸಾಕೇ?

ಒಂದನ್ನೇ ಮರೆಮಾಡಿದರೆ ಕಳೆಯುವ ಲೆಕ್ಕದಿಂದ ಅದು ಹೊರಬರುತ್ತದೆ. ಒಟ್ಟು ಮೊತ್ತ ಕೊಟ್ಟು, ನಾಲ್ಕು ವಿಭಾಗಗಳ ಸಂಖ್ಯೆಯನ್ನೂ ಕೊಟ್ಟು, ಗೊಬ್ಬರದ ಮಳಿಗೆಯ ಜಾಗದಲ್ಲಿ ಮಾತ್ರ ಅಡ್ಡಗೆರೆ ಹಾಕಿದರೆ ಯಾರು ಬೇಕಾದರೂ ಕಳೆದು ನೋಡಬಹುದು. ಕನಿಷ್ಠ ಎರಡು ಗುಂಪುಗಳು ಒಟ್ಟಿಗೆ ಮರೆಯಾಗಬೇಕು, ಅವೆರಡೂ ಸೇರಿ ಐದಾದರೂ ಮಂದಿ ಇರಬೇಕು. ನಮ್ಮ ಲೆಕ್ಕದಲ್ಲಿ ಎರಡನೆಯ ಶಾಖೆಯನ್ನೂ ಮಳಿಗೆಯನ್ನೂ ಸೇರಿಸಿ 7 ಮಂದಿಯ ಒಂದು ಗುಂಪು ಮಾಡುವುದು ಇದಕ್ಕಾಗಿಯೇ.

ಕಳೆಯುವ ಲೆಕ್ಕ ವರ್ಷದಿಂದ ವರ್ಷಕ್ಕೂ ನಡೆಯುತ್ತದೆ. ಕಳೆದ ವರ್ಷದ ಸಾರಾಂಶದಲ್ಲಿ 9 ಎಂದಿತ್ತು, ಈ ವರ್ಷ 8 ಎಂದಿದೆ, ನಡುವೆ ಒಬ್ಬರು ಮಾತ್ರ ನಿವೃತ್ತರಾಗಿದ್ದಾರೆ. ಉಳಿದುದನ್ನು ಹೇಳಬೇಕಾಗಿಲ್ಲ. ನಿಖರ ಸಂಖ್ಯೆ ಬಿಟ್ಟು ‘ಮೂರನೆಯ ಒಂದು ಭಾಗ’, ‘ಅರ್ಧಕ್ಕಿಂತ ಹೆಚ್ಚು’ ಎಂಬ ಮಾತುಗಳನ್ನು ನಾನು ಬಳಸುವುದಕ್ಕೆ ಇದೂ ಒಂದು ಕಾರಣ.

ಅಂಕಗಳ ಸರಾಸರಿ ಕೊಡಬಹುದೇ?

ವಿಭಾಗವಾರು ಬೇಡ. ಐವರ ಸರಾಸರಿ ಗೊತ್ತಿದ್ದು, ನಾಲ್ವರು ಚಹಾ ಕುಡಿಯುತ್ತಾ ತಮ್ಮ ತಮ್ಮ ಅಂಕ ಹೇಳಿಕೊಂಡರೆ ಐದನೆಯವರ ಅಂಕ ಸಿಕ್ಕಿತು.

ಒಳ್ಳೆಯ ಮಾತನ್ನಾದರೂ ಹಾಗೆಯೇ ಉದ್ಧರಿಸಬಹುದಲ್ಲ?

ಈ ಆಸೆ ಎಲ್ಲರಿಗೂ ಬರುತ್ತದೆ, ಮೆಚ್ಚುಗೆಯಿಂದ ಯಾರಿಗೇನು ನಷ್ಟ ಎನಿಸುತ್ತದೆ. ಆದರೆ ‘ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ ಐದರಲ್ಲೂ ವ್ಯವಹರಿಸಬಲ್ಲವರಿದ್ದಾರೆ’ ಎಂದು ಬರೆದರೆ ಅದು ಒಬ್ಬರದೇ ಚಿತ್ರ. ಅವರ ಪಕ್ಕದಲ್ಲಿ ಕೂತವರು ‘ನನ್ನ ಬಗ್ಗೆ ಯಾಕೆ ಬರಲಿಲ್ಲ’ ಎಂದು ಕೇಳುತ್ತಾರೆ, ಕೇಳುವುದು ಸಹಜ. ಫಾರಂನ ಮೆಚ್ಚುಗೆ ಆ ವ್ಯಕ್ತಿಗೆ ನೇರವಾಗಿ ತಲುಪಲಿ. ಸಾರಾಂಶದಲ್ಲಿ ಬಲವನ್ನೂ ಕೊರತೆಯಂತೆಯೇ ಎರಡು ಷರತ್ತಿಗೆ ಒಳಪಡಿಸಿ. ನಮ್ಮ 26ರಲ್ಲಿ 17 ಮಂದಿಯ ಫಾರಂನಲ್ಲಿ ಗ್ರಾಹಕರ ಭಾಷೆಯಲ್ಲಿ ಮಾತನಾಡುವ ಬಲದ ಉಲ್ಲೇಖವಿತ್ತು, ಐವರೂ ಮುಖ್ಯಸ್ಥರು ಅದನ್ನು ಬರೆದಿದ್ದರು. ಅದು ನಿಜವಾಗಿಯೂ ಸಂಸ್ಥೆಯ ಬಲ, ಧೈರ್ಯವಾಗಿ ಮೊದಲ ಸಾಲಿನಲ್ಲೇ ಬರೆಯಬಹುದು.

ಫಾರಂಗಳು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರುತ್ತವೆ. ಅದರಿಂದ ತೊಂದರೆ ಇದೆಯೇ?

ಇದೆ, ಮತ್ತು ಅದು ಕಣ್ಣಿಗೆ ಬೀಳದ ತೊಂದರೆ. ಐವರು ಮುಖ್ಯಸ್ಥರಲ್ಲಿ ಕನ್ನಡದಲ್ಲಿ ಬರೆಯುವವರು ಒಬ್ಬರೇ ಆಗಿದ್ದರೆ, ಸಾರಾಂಶದಲ್ಲಿ ಕಾಣುವ ಪ್ರತಿಯೊಂದು ಕನ್ನಡ ನುಡಿಗಟ್ಟೂ ಅವರ ಸಹಿಯೇ. ಮಲಯಾಳದ ಷರಾವನ್ನು ಕನ್ನಡಕ್ಕೆ ತರುವಾಗಲೂ ಮೂಲದ ವಾಸನೆ ಉಳಿಯುತ್ತದೆ. ಆದ್ದರಿಂದ ಷರಾಗಳನ್ನು ಅನುವಾದ ಮಾಡುವುದು ಬೇಡ. ಮೂರು ಭಾಷೆಯ ಫಾರಂಗಳನ್ನೂ ಓದಿ ಸಂಕೇತ ಹಾಕಿ, ಸಂಕೇತಗಳನ್ನು ಮಾತ್ರ ಎದುರಿಗಿಟ್ಟುಕೊಂಡು, ಫಾರಂಗಳನ್ನು ಮುಚ್ಚಿಟ್ಟು, ನಿಮ್ಮ ಸ್ವಂತ ವಾಕ್ಯಗಳನ್ನು ಬರೆಯಿರಿ. ಸಾರಾಂಶವನ್ನು ಮಲಯಾಳದಲ್ಲೂ ಕೊಡಬೇಕಾದರೆ ಆ ವಾಕ್ಯಗಳಿಂದಲೇ ಅನುವಾದವಾಗಲಿ.

ಮೂರೂ ಭಾಷೆ ಓದಬಲ್ಲವರು ಒಬ್ಬರೇ ಇಲ್ಲದಿದ್ದರೆ ಇಬ್ಬರು ಓದಬೇಕಾಗುತ್ತದೆ. ಆಗ ಇಬ್ಬರಿಗೂ ಓದಲು ಬರುವ ಭಾಷೆಯ ಐದಾರು ಫಾರಂಗಳನ್ನು ಇಬ್ಬರೂ ಪ್ರತ್ಯೇಕವಾಗಿ ಓದಿ ಸಂಕೇತ ಹಾಕಿ ತಾಳೆ ನೋಡಿ. ಒಬ್ಬರು ‘ಕಡತ ಅಪೂರ್ಣ’ ಎಂದದ್ದನ್ನು ಇನ್ನೊಬ್ಬರು ‘ವಿಳಂಬ’ ಎಂದು ಹಾಕುತ್ತಿದ್ದರೆ ಶೀರ್ಷಿಕೆಯ ಅರ್ಥವನ್ನು ಮೊದಲು ಸರಿಪಡಿಸಿಕೊಳ್ಳಿ.

ಕರಡು ಸುರಕ್ಷಿತವಾಗಿದೆ ಎಂದು ತಿಳಿಯುವುದು ಹೇಗೆ?

ಫಾರಂಗಳನ್ನು ಓದಿರದ, ಆದರೆ ಎಲ್ಲ ಸಿಬ್ಬಂದಿಯನ್ನೂ ಬಲ್ಲ ಒಬ್ಬರಿಗೆ ಕೊಡಿ. ನಿವೃತ್ತರಾದ, ಗುಟ್ಟು ಕಾಯುವ ಹಿರಿಯ ಸಹೋದ್ಯೋಗಿಯಾದರೆ ಉತ್ತಮ. ಕೇಳಬೇಕಾದದ್ದು ಒಂದೇ: ಯಾವುದಾದರೂ ವಾಕ್ಯ ಓದುವಾಗ ಯಾರದಾದರೂ ಮುಖ ನೆನಪಿಗೆ ಬಂತೇ? ಬಂದಿದ್ದರೆ ಆ ವಾಕ್ಯ ಬದಲಾಗಬೇಕು. ಅವರ ಊಹೆ ಸರಿಯೋ ತಪ್ಪೋ ಎಂದು ಅವರಿಗೆ ಹೇಳಬೇಡಿ. ತಪ್ಪಾಗಿದ್ದರೂ ವಾಕ್ಯ ಉಳಿಯಬಾರದು. ಆ ವಾಕ್ಯ ಓದಿದ ಮಂಡಳಿಯ ಸದಸ್ಯರೂ ಅದೇ ತಪ್ಪು ಊಹೆ ಮಾಡುತ್ತಾರೆ, ಸಂಬಂಧವೇ ಇಲ್ಲದ ಒಬ್ಬರ ಹೆಸರು ಕೆಡುತ್ತದೆ. ಅವರ ಫಾರಂನಲ್ಲಿ ಆ ಮಾತೇ ಇಲ್ಲದ ಕಾರಣ ಅದನ್ನು ಅಲ್ಲಗಳೆಯುವ ಅವಕಾಶವೂ ಅವರಿಗೆ ಸಿಗುವುದಿಲ್ಲ.

ಹಣದ ಗೋಲ್‌ಮಾಲ್, ಕಿರುಕುಳ ಇಂಥ ಗಂಭೀರ ಮಾತು ಫಾರಂನಲ್ಲಿ ಸಿಕ್ಕರೆ?

ಅದು ಸಾರಾಂಶದ ವಿಷಯವೇ ಅಲ್ಲ. ಅದಕ್ಕೆ ಸಂಕೇತ ಹಾಕಬೇಡಿ, ಎಣಿಸಬೇಡಿ. ಹಣದ ವಿಷಯವನ್ನು ಕಾರ್ಯದರ್ಶಿಗೆ ಲಿಖಿತವಾಗಿ ಅಂದೇ ತಿಳಿಸಿ. ಅವರ ಮೇಲೆಯೇ ಆರೋಪವಿದ್ದರೆ ಅಧ್ಯಕ್ಷರಿಗೆ ತಿಳಿಸಿ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿ ಕೆಲಸದ ಸ್ಥಳದಲ್ಲೂ ಆಂತರಿಕ ಸಮಿತಿ ಇರಲೇಬೇಕು. ಅಂಥ ಕಿರುಕುಳದ ಸುಳಿವಿದ್ದರೆ, ದೂರು ಕೊಡುವ ದಾರಿ ಅಲ್ಲಿದೆ ಎಂದು ತೊಂದರೆಗೊಳಗಾದವರಿಗೆ ತಿಳಿಯುವಂತೆ ಮಾಡಿ.

ಯಾರಾದರೂ ಮಾಹಿತಿ ಹಕ್ಕಿನಲ್ಲಿ ಮೂಲ ಫಾರಂ ಕೇಳಿದರೆ ಕೊಡಬೇಕೇ?

ಕೇರಳದ ಸೇವಾ ಸಹಕಾರಿ ಬ್ಯಾಂಕೊಂದರ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿದೆ. ಸರಕಾರದ ಗಣನೀಯ ಹಣಕಾಸು ಅಥವಾ ನಿಯಂತ್ರಣ ಇಲ್ಲದ ಸಹಕಾರಿ ಸಂಘಗಳು ಮಾಹಿತಿ ಹಕ್ಕು ಕಾಯ್ದೆಯ ‘ಸಾರ್ವಜನಿಕ ಪ್ರಾಧಿಕಾರ’ದ ವ್ಯಾಪ್ತಿಗೆ ಬರುವುದಿಲ್ಲ. ಉದ್ಯೋಗಿಯ ಕೆಲಸದ ಮೌಲ್ಯಮಾಪನ ಮುಖ್ಯವಾಗಿ ಉದ್ಯೋಗಿ ಮತ್ತು ಸಂಸ್ಥೆಯ ನಡುವಿನ ವಿಷಯ ಎಂದು 2012ರ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯ ಹೇಳಿದೆ. ಅರ್ಜಿ ನಿಜವಾಗಿಯೂ ಬಂದರೆ ವಕೀಲರನ್ನು ಕೇಳಿಯೇ ಉತ್ತರ ಬರೆಯಿರಿ.

ಮಂಡಳಿಗೆ ಎಕ್ಸೆಲ್ ಕಡತವನ್ನೇ ಕಳುಹಿಸಬಹುದೇ?

ಬೇಡ. ಪಿವೊಟ್ ಟೇಬಲ್ ಇರುವ ಕಡತದ ಒಳಗೆ ಅದರ ಮೂಲ ಸಾಲುಗಳೆಲ್ಲ ಸಾಮಾನ್ಯವಾಗಿ ಉಳಿದುಕೊಂಡಿರುತ್ತವೆ. ನೀವು ಮೂಲ ಹಾಳೆಯನ್ನು ಅಳಿಸಿದ್ದರೂ, ಯಾರಾದರೂ ಪಿವೊಟ್‌ನ ಒಂದು ಸಂಖ್ಯೆಯ ಮೇಲೆ ಎರಡು ಸಲ ಒತ್ತಿದರೆ ಆ ಸಂಖ್ಯೆಯ ಹಿಂದಿನ ಸಾಲುಗಳು ಹೊಸ ಹಾಳೆಯಲ್ಲಿ ತೆರೆದುಕೊಳ್ಳುತ್ತವೆ, ಫಾರಂ ಸಂಖ್ಯೆಯ ಸಮೇತ. `PivotTable Options` ಒಳಗೆ `Save source data with file` ಎಂಬುದನ್ನು ತೆಗೆಯುವ ದಾರಿ ಇದೆ. ಆದರೆ ಮರೆವಿಗೆ ಅವಕಾಶ ಕೊಡುವ ದಾರಿಗಿಂತ, ಸಾರಾಂಶದ ವಾಕ್ಯಗಳನ್ನು ಬೇರೆ ಹೊಸ ದಾಖಲೆಯಲ್ಲಿ ಬೆರಳಚ್ಚು ಮಾಡಿ ಪಿಡಿಎಫ್ ಆಗಿ ಅಥವಾ ಕಾಗದದಲ್ಲಿ ಕೊಡುವುದೇ ಲೇಸು. ಸಂಕೇತದ ಹಾಳೆಯನ್ನು ವಾಟ್ಸ್ಆ್ಯಪ್‌ನಲ್ಲಿ ಹಾಕುವ ಮಾತೇ ಬೇಡ.

ಸಿಬ್ಬಂದಿಗೂ ಈ ಸಾರಾಂಶ ತೋರಿಸಬೇಕೇ?

ತೋರಿಸಬೇಕು, ಮಂಡಳಿಗೆ ಕೊಟ್ಟ ಅದೇ ಎರಡು ಪುಟಗಳನ್ನು, ಒಂದಕ್ಷರವೂ ಬದಲಾಗದಂತೆ. ಮಂಡಳಿಗೆ ಒಂದು ಪ್ರತಿ, ಸಿಬ್ಬಂದಿಗೆ ಇನ್ನೊಂದು ಪ್ರತಿ ಎಂದು ಮಾಡಿದರೆ ಎರಡನ್ನೂ ಎದುರುಬದುರು ಇಟ್ಟು ಕಳೆಯುವ ಲೆಕ್ಕ ಮತ್ತೆ ಶುರುವಾಗುತ್ತದೆ. ಅಲ್ಲದೆ, ತಮ್ಮ ಬಗ್ಗೆ ಬರೆದ ಫಾರಂಗಳಿಂದ ಏನು ಹೊರಬಂತು ಎಂದು ತಿಳಿಯುವ ಹಕ್ಕು ಮೊದಲು ಅವರದು.

ಮೂಲ ಫಾರಂಗಳನ್ನೂ ಸಂಕೇತದ ಹಾಳೆಯನ್ನೂ ಆಮೇಲೆ ಏನು ಮಾಡುವುದು?

ಫಾರಂಗಳು ಸಿಬ್ಬಂದಿಯ ಸೇವಾ ಕಡತಕ್ಕೆ ಮರಳಲಿ. ಸಂಕೇತದ ಹಾಳೆ ಮತ್ತು ಸಂಖ್ಯೆಗೆ ಹೆಸರು ಹೊಂದಿಸುವ ಹಾಳೆ ಇವೆರಡನ್ನು ಒಂದೇ ಕಡೆ ಇಡಬೇಡಿ. ಸಾರಾಂಶ ಮಂಡಳಿಯಲ್ಲಿ ಅಂಗೀಕಾರವಾಗಿ, ಎತ್ತಿದ ಅನುಮಾನಗಳಿಗೆ ಉತ್ತರ ಕೊಟ್ಟ ಮೇಲೆ ಹೊಂದಿಸುವ ಹಾಳೆಯನ್ನು ಕಾರ್ಯದರ್ಶಿಯ ಎದುರಿನಲ್ಲೇ ಹರಿದುಹಾಕಿ, ಹರಿದ ದಿನಾಂಕವನ್ನು ಬರೆದಿಡಿ. ಮುಂದಿನ ವರ್ಷದ ಫಾರಂಗಳಿಗೆ ಹೊಸದಾಗಿ ಕಲಸಿ ಹೊಸ ಸಂಖ್ಯೆಗಳನ್ನು ಕೊಡಿ. ಈ ವರ್ಷದ 14ನೇ ಸಂಖ್ಯೆಯವರು ಮುಂದಿನ ವರ್ಷವೂ 14 ಆಗಿರಬಾರದು.